ಸಾತ್ವಿಕಾಳನ್ನು ಮಲಗಿಸುವ ಕ್ರಮ

ಕಲ್ಲಡ್ಕದ ಪೇಟೆಯಿಂದ ಸ್ವಲ್ಪ ಒಳಗೆ, ಬಾಡಿಗೆಯ ಹೆಂಚಿನ ಮನೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದ ವಾಗ್ದೇವಿ ಟೀಚರಿಗೆ ಅಕ್ಷರ ಕಲಿಸುವುದಕ್ಕಿಂತ ಮಕ್ಕಳನ್ನು ಮಲಗಿಸುವುದೇ ಹೆಚ್ಚು ಕೈಹತ್ತಿದ ವಿದ್ಯೆ. ಯಾವ ಮಗು ಹಾಡಿಗೆ ಸೋಲುತ್ತದೆ, ಯಾವುದು ಗದರಿದರೆ ಇನ್ನಷ್ಟು ಕೆರಳುತ್ತದೆ ಎಂಬುದು ಅವರಿಗೆ ಒಂದೆರಡು ದಿನದಲ್ಲೇ ತಿಳಿದುಬಿಡುತ್ತಿತ್ತು. ಮಧ್ಯಾಹ್ನ ಊಟದ ತಟ್ಟೆಗಳು ಒಳಹೋದ ಮೇಲೆ ಚಾಪೆ ಹಾಸಿ, ಕಿಟಕಿಯ ಪರದೆ ಎಳೆದು, ತಾವು ನಡುವೆ ಕುಳಿತರೆಂದರೆ ಸ್ವಲ್ಪ ಹೊತ್ತಿನಲ್ಲಿ ಕೋಣೆಯಿಡೀ ಉಸಿರಾಟದ ಸದ್ದು. ತಮಗೆ ಮಕ್ಕಳಾಗಲಿಲ್ಲ ಎಂದು ಯಾರಾದರೂ ಮರುಗಿದರೆ, "ದಿನಾ ಇಷ್ಟು ಜನ ನನ್ನ ಎದುರು ಬಾಯಿ ಬಿಟ್ಟು ಮಲಗ್ತಾರೆ, ಇನ್ನೆಂತ ಬೇಕು?" ಎಂದು ನಗುತ್ತಿದ್ದರು.

ಅಂಥವರಿಗೆ ಸಾತ್ವಿಕಾ ಒಗ್ಗಲಿಲ್ಲ.

ಎರಡು ವರ್ಷ ದಾಟಿದ ಹುಡುಗಿ. ತಾಯಿ ದೀಕ್ಷಾಳಿಗೆ ಬಿ.ಸಿ.ರೋಡಿನ ಬಟ್ಟೆಯಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿ ಇನ್ನೂ ತಿಂಗಳಾಗಿರಲಿಲ್ಲ. ಮಗು ಮಲಗದೆ, ಸುಸ್ತಾಗಿ ಕಿರುಚಿ, ಉಳಿದವರನ್ನೂ ಎಬ್ಬಿಸಿ, ದಿನಾ ಮಧ್ಯಾಹ್ನ ತಾಯಿಗೆ ಫೋನು ಹೋಗುತ್ತಿತ್ತು. ಮತ್ತೊಮ್ಮೆ ನಡುವೆ ಎದ್ದುಹೋದರೆ ಬರುವುದೇ ಬೇಡ ಎಂದು ಅಂಗಡಿಯ ಧಣಿ ಹೇಳಿಯಾಗಿತ್ತು. ಆ ಸೋಮವಾರ ದೀಕ್ಷಾ ಮಗುವಿನ ಚೀಲಕ್ಕೆ ಒಂದು ಚೀಟಿ ಪಿನ್ನು ಮಾಡಿ ಕಳಿಸಿದಳು.

"ಟೀಚರಿಗೆ ನಮಸ್ಕಾರ. ಸಾತ್ವಿಕಾ ಊಟ ಆದ ಮೇಲೆ ಕಿವಿ ಎಳೆದುಕೊಳ್ಳಲು ಸುರು ಮಾಡ್ತಾಳೆ. ಆಗಲೇ ಮಲಗಿಸಬೇಕು. ಆ ಹೊತ್ತು ದಾಟಿದರೆ ಕುಣಿದಾಡ್ತಾಳೆ, ಅದು ನಿದ್ರೆ ಇಲ್ಲ ಅಂತ ಅಲ್ಲ, ದಣಿವು. ಹಾಡು ಬೇಡ, ಹಾಡಿದರೆ ಅವಳೂ ಹಾಡ್ತಾಳೆ. ಎಡಮಗ್ಗುಲಿಗೆ ಮಲಗಿಸಿ ಬೆನ್ನು ನಿಧಾನ ತಟ್ಟಿ. ಕಣ್ಣು ಮುಚ್ಚಿದ ಕೂಡಲೇ ನಿಲ್ಲಿಸಬೇಡಿ, ಫಕ್ಕನೆ ನಿಂತರೆ ಎಚ್ಚರಾಗ್ತದೆ. ಸ್ವಲ್ಪ ಸ್ವಲ್ಪವೇ ನಿಧಾನ ಮಾಡಿ, ಕೊನೆಗೆ ಕೈ ಸುಮ್ಮನೆ ಇಟ್ಟುಕೊಂಡು ಕೂತಿರಿ. ಹಸಿರು ಬಟ್ಟೆ ತುಂಡು ಕೈಯಲ್ಲಿ ಕೊಡಿ. ನಿದ್ರೆ ಹತ್ತಿದ ಮೇಲೆ ಮುಖದ ಹತ್ತಿರದಿಂದ ತೆಗೆಯಿರಿ. ತುಂಬಾ ಹೊತ್ತು ಮಲಗಿದರೆ ರಾತ್ರಿ ಮಲಗುವುದಿಲ್ಲ, ಹಾಲಿನ ಹೊತ್ತಿಗೆ ಎಬ್ಬಿಸಿ. ತೊಂದರೆ ಕೊಡುತ್ತಿದ್ದೇನೆ, ಬೇಸರ ಮಾಡಬೇಡಿ."

ವಾಗ್ದೇವಿ ಟೀಚರ್ ಅದನ್ನು ಎರಡು ಸಲ ಓದಿ, ಅಕ್ಷರಶಃ ಹಾಗೆಯೇ ಮಾಡಿದರು. ಮಗು ಎಡಮಗ್ಗುಲಾಯಿತು, ಬಟ್ಟೆ ಹಿಡಿಯಿತು, ಮೂಸಿತು. ಮತ್ತೆ ಎದ್ದು ಕೂತಿತು. ಅಳಲಿಲ್ಲ. ಬಾಗಿಲ ಬಳಿಯ ಖಾಲಿ ಮೂಲೆಯನ್ನು, ಕುಳಿತ ಮನುಷ್ಯನ ಮುಖ ಇರುವಷ್ಟು ಎತ್ತರದಲ್ಲಿ, ಕಣ್ಣು ಕೀಳದೆ ನೋಡತೊಡಗಿತು.

"ಯಾರುಂಟು ಅಲ್ಲಿ, ಪುಟ್ಟಿ?"

ಸಾತ್ವಿಕಾ ಎರಡು ಬೆರಳುಗಳನ್ನು ಬಿಡಿಸಿ, ಕೂಡಿಸಿ, ಮತ್ತೆ ಬಿಡಿಸಿದಳು.

ಮರುದಿನವೂ ಹಾಗೆಯೇ. ಅದರ ಮರುದಿನ, ಪಕ್ಕದ ಚಾಪೆಯ ಇಹ್ಸಾನ್, ತಲೆ ಊರಿದ ಕೂಡಲೇ ಮಲಗುವ ಹುಡುಗ, ತಾನೂ ಎದ್ದು ಅದೇ ಮೂಲೆಯನ್ನು ನೋಡುತ್ತ ಕುಳಿತ. ಆಗ ಕೇಳಿಸಿತು, ಕತ್ತರಿ ಆಡಿಸಿದಂಥ ಒಂದು ಸದ್ದು. ಕಚಕ್. ಸ್ವಲ್ಪ ಬಿಟ್ಟು, ಕಚಕ್, ಕಚಕ್.

ಟೀಚರ್ ಕಪಾಟಿನತ್ತ ತಿರುಗಿದರು. ಮಕ್ಕಳ ಕೈಗೆ ಸಿಗಬಾರದೆಂದು ಕತ್ತರಿಗಳನ್ನೆಲ್ಲ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಕೀಲಿ ಅವರ ಸೊಂಟದಲ್ಲೇ ಇತ್ತು.

ಅಡುಗೆ ಕೋಣೆಯಿಂದ ಆಯಾ ಬೀಬಿ ಕೈ ಒರೆಸುತ್ತ ಬಂದು ಹೊಸ್ತಿಲಲ್ಲೇ ನಿಂತಳು. "ಟೀಚರೇ, ಯಾರು ಇಲ್ಲಿ ಬೀಡಿ ಕಟ್ಟುದು?"

"ಎಂತ ಮಾತಾಡ್ತಿ ಬೀಬಿ?"

"ನಾನು ಮದುವೆ ಆಗುವವರೆಗೆ ಕಟ್ಟಿದವಳು. ಎಲೆ ಕತ್ತರಿಸುವ ಸದ್ದು ನಂಗೆ ಗೊತ್ತಾಗುದಿಲ್ವಾ?"

ಟೀಚರ್ ಬಗ್ಗಿ ಸಾತ್ವಿಕಾಳ ಮುಖ ನೋಡಿದರು. ಅವಳ ನಾಲಿಗೆ ಅಂಗುಳಿಗೆ ಅಂಟಿ ಬಿಡುತ್ತಿತ್ತು. ಕಚಕ್. ಸದ್ದು ಮಗುವಿನದೇ. ಬೀಬಿ ನಕ್ಕೇಬಿಟ್ಟಳು. "ಅಯ್ಯೋ ಕಳ್ಳೀ! ನಿಂಗೆ ಈಗಲೇ ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗ್ಲಿಕ್ಕೆ ಉಂಟಾ?" ಟೀಚರಿಗೆ ನಗು ಬರಲಿಲ್ಲ.

ಅಂದು ಮಗು ಕಿರುಚತೊಡಗಿದಾಗ ದೀಕ್ಷಾಳಿಗೆ ಫೋನು ಹೋಗಬೇಕಿತ್ತು. ಟೀಚರ್ ಮಾಡಲಿಲ್ಲ, ಕಿರುಚುವ ಮಗುವನ್ನು ಸಂಜೆಯವರೆಗೆ ಸೊಂಟದಲ್ಲೇ ಹೊತ್ತರು. ದೀಕ್ಷಾ ಬಂದಾಗ ಕೇಳಿದರು: "ಮನೇಲಿ ಮಧ್ಯಾಹ್ನ ಇವಳನ್ನು ಮಲಗಿಸ್ತಿದ್ದದ್ದು ಯಾರಮ್ಮ?"

"ನಾನೇ ಟೀಚರ್. ಬರೆದಿದ್ದೇನಲ್ಲ, ಹಾಗೇ."

"ಆಗ ಹತ್ರ ಬೇರೆ ಯಾರಿರ್ತಿದ್ರು?"

ದೀಕ್ಷಾ ಮಗುವಿನ ಚೀಲವನ್ನು ಹೆಗಲಿಗೇರಿಸಿಕೊಂಡಳು. "ಅತ್ತೆ. ಬಾಗಿಲ ಹತ್ರ ಕೂತು ಬೀಡಿ ಕಟ್ತಿದ್ರು. ಆಟಿ ತಿಂಗಳ ಮಳೆಯಲ್ಲಿ ತೀರಿಹೋದ್ರು." ಮತ್ತೆ ಏನೋ ಹೊಳೆದು ಅವಳ ದನಿ ಕುಗ್ಗಿತು. "ಆ ಹಸಿರು ತುಂಡು ಅವರ ಸೀರೆದು. ಅದರಲ್ಲಿ ಎಲೆ ಸುತ್ತಿಡ್ತಿದ್ರು. ಇಲ್ಲಿಗೆ ಕಳಿಸುವ ಮೊದಲು ಚಂದ ಮಾಡಿ ಸೋಪಿನ ನೀರಲ್ಲಿ ತೊಳೆದು ಪರಿಮಳ ಹಾಕಿದೆ. ಬೀಡಿ ಎಲೆ ವಾಸನೆ ಬರ್ತದೆ ಅಂತ ಬೇರೆ ತಾಯಂದಿರು ಎಂತಾದ್ರೂ ಹೇಳಿದ್ರೆ..."

"ಅದನ್ನೇ ತೊಳೆದುಬಿಟ್ಟೆಯಲ್ಲ ಮಾರಾಯ್ತಿ," ಎಂದಳು ಬೀಬಿ.

ದೀಕ್ಷಾಳ ಕಣ್ಣು ತುಂಬಿತು. ಬೆನ್ನು ತಟ್ಟಿದ ಕೈ ತನ್ನದಾದ್ದರಿಂದ, ನಿದ್ರೆಯೂ ತನ್ನ ಕೈಯಿಂದಲೇ ಬಂದದ್ದೆಂದು ಅವಳು ನಂಬಿದ್ದಳು.

"ಎಲೆ ಉಳಿದಿದೆಯಾ ಮನೇಲಿ?" ಟೀಚರ್ ಕೇಳಿದರು.

"ಒಂದು ಕಟ್ಟು ಉಂಟು. ಹಾಗೇ ಇಟ್ಟಿದ್ದೇವೆ."

"ರಾತ್ರಿ ಬಟ್ಟೆಯನ್ನು ಅದರ ಜೊತೆ ಕಟ್ಟಿಡು. ಬೆಳಿಗ್ಗೆ ಒಂದಿಷ್ಟು ಎಲೆಯೂ, ಅವರ ಕತ್ತರಿಯೂ ಬರಲಿ. ಹೊಗೆಸೊಪ್ಪು ಮಾತ್ರ ಬೇಡ, ಅದು ಈ ಮನೆಯೊಳಗೆ ಬರಬಾರದು. ಕತ್ತರಿ ಬೀಬಿಯ ಕೈಯಲ್ಲೇ ಇರಲಿ, ಹೊಸ್ತಿಲ ಆಚೆ."

ಮರುದಿನ ಊಟ ಮುಗಿದು ಸಾತ್ವಿಕಾ ಕಿವಿ ಎಳೆದುಕೊಂಡ ಕೂಡಲೇ ಟೀಚರ್ ಅವಳನ್ನು ಎಡಮಗ್ಗುಲಿಗೆ ಮಲಗಿಸಿದರು. ಮಗು ಬಟ್ಟೆಯನ್ನು ಮೂಸಿ ಮುಷ್ಟಿಯಲ್ಲಿ ಬಿಗಿಹಿಡಿಯಿತು. ಓರೆ ಮಾಡಿದ ಬಾಗಿಲ ಆಚೆ ಬೀಬಿ ನೆನೆಸಿದ ಎಲೆ ಕತ್ತರಿಸತೊಡಗಿದಳು. ಕಚಕ್, ಕಚಕ್. ಟೀಚರ ಕೈ ತಾನಾಗಿ ಆ ತಾಳಕ್ಕೆ ಸೇರಿತು. ಮಗು ಎದ್ದು ಕೂರಲಿಲ್ಲ. ಮೂಲೆಯನ್ನೂ ನೋಡಲಿಲ್ಲ. ರೆಪ್ಪೆ ಎರಡು ಸಲ ಅದುರಿ ಮುಚ್ಚಿತು.

ಟೀಚರ್ ತಟ್ಟುವುದನ್ನು ನಿಧಾನ ಮಾಡಿದರು. ಸದ್ದೂ ನಿಧಾನವಾಯಿತು. ಬೀಬಿ ಹುಷಾರಿ, ಹೇಳದೆಯೇ ಗೊತ್ತು ಮಾಡಿಕೊಂಡಳು ಅಂದುಕೊಂಡರು. ಸಾತ್ವಿಕಾಳ ತುಟಿ ಅರೆತೆರೆದು, ನಾಲಿಗೆ ಒಳಗೆ ಸುಮ್ಮನೆ ಬಿದ್ದಿತ್ತು. ಹಸಿರು ತುಂಡನ್ನು ಮೆಲ್ಲಗೆ ಬಿಡಿಸಿ ಕಾಲ ಬಳಿ ಇಟ್ಟರು.

ಕಚಕ್. ಬಹಳ ಹೊತ್ತು ಬಿಟ್ಟು ಮತ್ತೆ, ಕಚಕ್.

ಹಿತ್ತಿಲಿನಿಂದ ಪಾತ್ರೆ ತಿಕ್ಕುವ ಸದ್ದು ಬಂತು, ಜೊತೆಗೆ ಬೀಬಿಯ ಕೆಮ್ಮು. ಟೀಚರ್ ಕತ್ತು ಚಾಚಿ ನೋಡಿದರು. ಹೊಸ್ತಿಲ ಆಚೆ ಬೀಬಿ ಕೂತಿದ್ದ ಚಾಪೆ ಖಾಲಿ. ಕತ್ತರಿಯನ್ನು ಅವಳು ಮುಚ್ಚಿ ಎತ್ತರದ ಕಿಟಕಿಯ ದಂಡೆಯ ಮೇಲೆ ಇಟ್ಟು ಹೋಗಿದ್ದಳು.

ಟೀಚರಿಗೆ ಏಳಬೇಕೆನ್ನಿಸಿತು. ಆದರೆ ಬೆನ್ನ ಮೇಲಿನ ಕೈ ತೆಗೆದರೆ ಮಗು ಎಚ್ಚರಾಗುತ್ತದೆ. ಫಕ್ಕನೆ ನಿಲ್ಲಿಸಬಾರದು ಎಂಬುದು ಈ ಕೋಣೆಯಲ್ಲಿ ತನಗಿಂತ ಚೆನ್ನಾಗಿ ಗೊತ್ತಿರುವವರು ಯಾರೋ ಇದ್ದಾರೆ. ಟೀಚರ್ ಕೂತೇ ಇದ್ದರು. ಒಂದು ಸದ್ದು, ಆಮೇಲೆ ಇನ್ನೊಂದು, ಮೊದಲಿನದಕ್ಕಿಂತ ದೂರದಲ್ಲಿ. ಕೊನೆಗೆ ಉಸಿರಾಟ ಮಾತ್ರ ಉಳಿಯಿತು.

ಹಾಲಿನ ಹೊತ್ತಿಗೆ ಸಾತ್ವಿಕಾ ನಗುತ್ತ ಎದ್ದಳು. ಸಂಜೆ ದೀಕ್ಷಾ ಓಡೋಡಿ ಬಂದು, ಫೋನು ಬರಲಿಲ್ಲವಲ್ಲ ಎಂದು ಟೀಚರ ಮುಖವನ್ನೇ ನೋಡಿದಳು.

"ಚೆನ್ನಾಗಿ ಮಲಗಿದಳು," ಎಂದರು ವಾಗ್ದೇವಿ ಟೀಚರ್. "ನಾಳೆ ನೀನು ಧೈರ್ಯದಲ್ಲಿ ಕೆಲಸ ಮಾಡು. ಬಟ್ಟೆ ಮಾತ್ರ ತೊಳೀಬೇಡ."

ಮಿಕ್ಕದ್ದನ್ನು ಹೇಳಲಿಲ್ಲ. ಆದರೆ ಅಂದಿನಿಂದ ಆ ಕೋಣೆಯ ಬಾಗಿಲ ಬಳಿ ಯಾವ ಮಗುವಿನ ಚಾಪೆಯನ್ನೂ ಹಾಸಲಿಲ್ಲ. ಜಾಗ ಸಾಲದೆ ಬೀಬಿ ಗೊಣಗಿದರೆ, "ಅಲ್ಲಿ ಬೇಡ, ಸ್ವಲ್ಪ ಸರಿಸಿ ಹಾಸುವ," ಎನ್ನುತ್ತಿದ್ದರು, ಅಲ್ಲಿ ಕೂತವರಿಗೂ ಕೇಳಲಿ ಎಂಬಂತೆ ಮೆಲ್ಲಗೆ.