ಕೊಂಡಿ ಅಳಿಸಿ ಕಳಿಸಿದ ಅರ್ಜಿ

೨೦೦೫ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೆಯ ತರಗತಿ. ದಸರಾ ರಜೆ ಮುಗಿಯಿತು, ನಾನು ಮರಳಿ ಹೋಗಲಿಲ್ಲ. ಬಡತನ ಬಿಡಿಸಿತು ಎಂದು ಬೇರೆಯವರು ನನ್ನ ಪರವಾಗಿ ಹೇಳುತ್ತಾರೆ. ನಾನು ಯಾರ ಮುಂದೆಯೂ ಹಾಗೆ ಹೇಳಿಲ್ಲ. ಶಹಾಪುರದ ಬಸ್ ನಿಲ್ದಾಣದ ಹತ್ತಿರದ ಫೋಟೊ ಸ್ಟುಡಿಯೊಕ್ಕೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದರ ಮುಂದೆ ಕೂರುವ ಆಸೆ ಗಣಿತಕ್ಕಿಂತ ದೊಡ್ಡದಿತ್ತು, ಅಷ್ಟೇ.

ಸ್ಟುಡಿಯೊದ ಮಾಲೀಕರನ್ನು ಊರೆಲ್ಲ ಉಸ್ತಾದ ಎಂದೇ ಕರೆಯುತ್ತಿತ್ತು. ಅವರು ನನಗೆ ಕಲಿಸಿದ ಮೊದಲ ಕೆಲಸ ಹಳೆಯ ಫೋಟೊದ ಮಡಿಕೆ ತೆಗೆಯುವುದು. ಹಳ್ಳಿಯಿಂದ ಬರುವವರು ತೀರಿಕೊಂಡ ಅಪ್ಪನ ಒಂದೇ ಒಂದು ಫೋಟೊವನ್ನು ಎರಡಾಗಿ ಮಡಚಿ ಜೇಬಿನಲ್ಲಿ ತರುತ್ತಿದ್ದರು. ಬಿಚ್ಚಿದರೆ ಅಪ್ಪನ ಎದೆಯ ಮೇಲೆ ಅಡ್ಡಲಾಗಿ ಬಿಳಿಯ ಗೆರೆ. ಕಂಪ್ಯೂಟರಿನಲ್ಲಿ ಅದರ ಪಕ್ಕದ ಅಂಗಿಯ ಬಟ್ಟೆಯನ್ನು ಚೂರುಚೂರೇ ತಂದು ಆ ಗೆರೆಯನ್ನು ಮುಚ್ಚಬೇಕು.

“ಅಡ್ಡ ಗೆರಿ ಕಂಡ್ರ ಕೈ ತಾನಾಗೇ ಹೋಗಬೇಕು,” ಎನ್ನುತ್ತಿದ್ದರು ಉಸ್ತಾದ. “ಕಣ್ಣಿಗಿ ಕೇಳಕೋತ ಕುಂತ್ರ ಸಂಜಿ ಆಗ್ತದ.”

ಇಪ್ಪತ್ತು ವರ್ಷ ಕೈ ಹಾಗೆಯೇ ಹೋಯಿತು. ಮದುಮಗಳ ಪಕ್ಕ ಇಲ್ಲದ ತಂದೆಯನ್ನು ನಿಲ್ಲಿಸಿದ್ದೇನೆ, ಬನಿಯನ್ನಿನಲ್ಲಿ ಬಂದವರಿಗೆ ಕೋಟು ತೊಡಿಸಿದ್ದೇನೆ, ಬೇಡವಾದ ಭಾವನನ್ನು ತೆಗೆದು ಅಲ್ಲಿ ಕಂಬ ಇಟ್ಟಿದ್ದೇನೆ. ಈ ವರ್ಷ ಶ್ರಾವಣದಲ್ಲಿ ಉಸ್ತಾದ ನನ್ನನ್ನು ಕೂರಿಸಿಕೊಂಡು ಹೇಳಿದರು: “ನಾ ಯಾದಗಿರಿಗಿ ಮಗಳ ಮನಿಗಿ ಹೊಂಟೀನಿ. ದೀಪಾವಳಿ ಆದ ಮ್ಯಾಲ ಸ್ಟುಡಿಯೊಕ್ಕ ಕೀಲಿ. ನೀ ನಿನ್ನ ದಾರಿ ನೋಡ್ಕೊ.” ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹದಿನೈದು ದಿನದ ಮೇಲೆ ಫೋಟೊಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಕಟಣೆ ಬಂತು. ಸೀರೆ, ಕುಪ್ಪಸ, ಪಾತ್ರೆಗಳನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿ. ಅದರ ಫೋಟೊ ವಿಭಾಗ ಕಲಬುರಗಿಯಲ್ಲಿ. ಫೋಟೊ ತಿದ್ದುವವರು ಬೇಕು. ಅಂಕಪಟ್ಟಿ ಕೇಳಿರಲಿಲ್ಲ. ಚಿತ್ರದಿಂದ ಏನನ್ನು ತೆಗೆಯಬಲ್ಲಿರಿ, ಆ ಜಾಗದಲ್ಲಿ ಏನು, ಹೇಗೆ ಇಡುತ್ತೀರಿ ಎಂದು ನಿಮ್ಮ ಮಾತಿನಲ್ಲೇ ಬರೆದು, ತಿದ್ದುವ ಮೊದಲಿನ ಮತ್ತು ತಿದ್ದಿದ ಮೇಲಿನ ಮೂರು ಜೋಡಿ ಫೋಟೊ ಕಳಿಸಿ ಎಂದಿತ್ತು. ನನಗಾಗಿಯೇ ಬರೆದಂತಿತ್ತು.

ನನ್ನ ಹೆಂಡತಿ ಸುರಪುರದವಳು, ಪಿಯುಸಿ ಪಾಸಾದವಳು, ಅಂಗನವಾಡಿಯಲ್ಲಿ ಕೆಲಸ. ಅರ್ಜಿಯನ್ನು ಅವಳಿಗೆ ತೋರಿಸಲಿಲ್ಲ. ತೋರಿಸಿದರೆ ತಿದ್ದುತ್ತಾಳೆ. ಭಾನುವಾರ ಅವಳು ತವರಿಗೆ ಹೋಗಿದ್ದಾಗ ಕುಳಿತು ಬರೆದೆ. ಅದರ ಪ್ರತಿ ಇನ್ನೂ ನನ್ನ ಫೋನಿನಲ್ಲಿದೆ:

“ಮಾನ್ಯರೇ, ನನ್ನ ಬಳಿ ಸರ್ಟಿಫಿಕೇಟ್ ಇಲ್ಲ, ಕೈ ಇದೆ. ಸೀರೆ ಹಿಡಿದ ಕ್ಲಿಪ್ಪು, ಗುಂಡುಸೂಜಿ, ತೂಗುಹಾಕಿದ ದಾರ, ಬೆಲೆಚೀಟಿ ತೆಗೆಯುತ್ತೇನೆ. ಕ್ಲಿಪ್ಪು ತೆಗೆದರೆ ಸಾಲದು. ಅದರ ನೆರಳನ್ನೂ, ಅದು ಹಿಡಿದು ಬಟ್ಟೆಯಲ್ಲಿ ಎದ್ದ ಸುಕ್ಕನ್ನೂ ತೆಗೆಯಬೇಕು. ಆ ಜಾಗಕ್ಕೆ ಅದೇ ಎಳೆಯ ಸಾಲಿನ ಬಟ್ಟೆಯನ್ನೇ ತರುತ್ತೇನೆ. ಬೇರೆ ಸಾಲಿನಿಂದ ತಂದರೆ ನೇಯ್ಗೆ ಮುರಿಯುತ್ತದೆ. ಒಂದೇ ತುಂಡನ್ನು ಎರಡು ಸಲ ಹಚ್ಚುವುದಿಲ್ಲ. ಸ್ಟೀಲ್ ಕೊಡದ ಮೈಯಲ್ಲಿ ಕಾಣುವ ಕ್ಯಾಮೆರಾದವನ ಬಿಂಬ ತೆಗೆದರೂ ಕೊಡದ ಹೊಳಪು ಹೋಗಗೊಡುವುದಿಲ್ಲ. ಗೊಂಬೆಗೆ ತೊಡಿಸಿದ ಕುಪ್ಪಸದಿಂದ ಗೊಂಬೆಯನ್ನು ತೆಗೆದು, ಕುತ್ತಿಗೆಯ ಒಳಬದಿಯನ್ನು ಬೇರೆ ಫೋಟೊದಿಂದ ತಂದು ಕೂಡಿಸುತ್ತೇನೆ. ಹಿನ್ನೆಲೆ ಬದಲಿಸಿದರೆ ಬೆಳಕು ಬಂದ ದಿಕ್ಕು ನೋಡಿ ಹೊಸ ನೆರಳು ಹಾಕುತ್ತೇನೆ. ನಾನು ತೆಗೆದದ್ದನ್ನು ಯಾರೂ ಕಂಡುಹಿಡಿಯಲಾರರು.”

ಕೊಡ, ಕುಪ್ಪಸದ ಎರಡು ಜೋಡಿ ಆದವು. ಮೂರನೆಯದಕ್ಕೆ ಹೆಂಡತಿಯ ಲಗ್ನದ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಸ್ಟುಡಿಯೊದಲ್ಲಿ ಕ್ಲಿಪ್ಪು ಹಾಕಿ ತೂಗುಬಿಟ್ಟು ಫೋಟೊ ತೆಗೆದೆ. ಕ್ಲಿಪ್ಪು, ಸ್ಟ್ಯಾಂಡು, ಗೋಡೆಯ ಸ್ವಿಚ್ ಬೋರ್ಡು ಎಲ್ಲ ಹೋಯಿತು. ಮೂರೂ ಜೋಡಿ ಕಳಿಸಿದೆ.

ಮರುದಿನ ಚಾ ಕುಡಿಯುವಾಗ ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ. ಹೊಗಳಿಕೆ ಕೇಳುವ ಆಸೆ ಇತ್ತು.

“ಇದು ಯಾರ ಸೀರಿರಿ?”

“ನಿಂದ. ಪೆಟ್ಟಿಗ್ಯಾಗಿಂದು.”

ಅವಳು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದಳು. “ನಂದಲ್ಲ ಬಿಡ್ರಿ. ಕೊಂಡಿ ಎಲ್ಲ್ಯದ?”

ನನಗೆ ಆಗ ಹೊಳೆಯಿತು. ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದು ಸೆರಗಿನ ಬುಡದಲ್ಲಿ ಸಣ್ಣ ಅಡ್ಡ ಗೆರೆಯಾಗಿ ಕಾಣುತ್ತದೆ. ಹೆಂಗಸರು ಕೈಮಗ್ಗದ ಸೀರೆ ಹೌದೋ ಅಲ್ಲವೋ ಎಂದು ನೋಡುವುದೇ ಅದರಿಂದ. ನಾನು ಅದನ್ನು ಹಳೆಯ ಫೋಟೊದ ಮಡಿಕೆಯಂತೆ ಒರೆಸಿ ಹಾಕಿದ್ದೆ. ಒರೆಸಿದ್ದು ನೆನಪೂ ಇರಲಿಲ್ಲ.

“ನಮ್ಮವ್ವ ಅಂಗಡ್ಯಾಗ ಮೊದಲ ಸೆರಗು ಬಿಚ್ಚಿಸಿ ಇದನ್ನ ಮುಟ್ಟಿ ನೋಡಿದ್ಲು. ಬಣ್ಣ ಆಮ್ಯಾಲ ನೋಡಿದ್ಲು. ನೀವು ಒಂದ್ ದಿನದಾಗ ನನ್ನ ಲಗ್ನದ ಸೀರಿ ಮಿಲ್ಲಿನ ಸೀರಿ ಮಾಡಿಟ್ರಿ.” ಆಮೇಲೆ ಅರ್ಜಿಯನ್ನೂ ಓದಿದಳು. “ಯಾರೂ ಕಂಡುಹಿಡಿಯಲಾರರು. ನಾ ಒಂದ್ ಕಪ್ ಚಾ ಮುಗಿಯೋದ್ರಾಗ ಹಿಡದೀನಲ್ರಿ.”

“ಅವರಿಗೇನ್ ತಿಳಿತದ,” ಎಂದೆ. “ದಿನಕ್ಕ ಸಾವಿರ ಫೋಟೊ ನೋಡೋ ಮಂದಿ.”

“ತಿಳಿಲಿಲ್ಲಂದ್ರ ಇನ್ನೂ ಕೆಟ್ಟ. ಒಬ್ಬಾಕಿ ಕೊಂಡಿ ಇಲ್ಲಂತ ಸೀರಿ ಬಿಡ್ತಾಳ.”

ಅವಳೊಡನೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ಅವಳ ಮೇಲಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಕೈ ಇನ್ನೂ ಏನೇನು ಒರೆಸಿದೆಯೋ ಎಂಬ ಯೋಚನೆ ಹತ್ತಿತ್ತು. ಯಾರದೋ ಅಪ್ಪನ ಹಣೆಯ ಮೇಲಿನ ಗೆರೆ ಮಡಿಕೆಯಾಗಿತ್ತೋ, ಗಾಯದ ಕಲೆಯಾಗಿತ್ತೋ? ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಸುಮ್ಮನಿದ್ದರೆ ಕೆಲಸ ಸಿಕ್ಕರೂ ಸಿಗಬಹುದು. ತಪ್ಪನ್ನು ನಾನೇ ಬರೆದು ಕಳಿಸಿದರೆ ಇದ್ದ ಒಂದು ದಾರಿಯನ್ನೂ ಕೈಯಾರೆ ಮುಚ್ಚಿಕೊಂಡಂತೆ. ಮೂರನೆಯ ದಿನ ಹೆಂಡತಿಗೆ, “ನೀನ ನಾಲ್ಕ್ ಸಾಲು ಬರದ್ ಕೊಡು,” ಎಂದೆ.

“ನಾ ಯಾಕ್ ಬರೀಲಿ. ಮೊದಲಿಂದು ಮುಚ್ಚಿಟ್ಟು ಬರದೀರಲ್ಲ, ಇದನ್ನೂ ನೀವ ಬರೀರಿ.”

ಬರೆದೆ. “ಹಿಂದಿನ ಅರ್ಜಿಯ ಕೊನೆಯ ಸಾಲನ್ನು ಬಿಟ್ಟು ಓದಬೇಕು. ಸೀರೆಯ ಫೋಟೊದಲ್ಲಿ ಕೊಂಡಿಯನ್ನು ಮಡಿಕೆ ಎಂದು ತಿಳಿದು ಅಳಿಸಿದ್ದೇನೆ. ಅದು ಸೀರೆಯದೇ ಭಾಗ. ಸರಿಮಾಡಿದ ಫೋಟೊ ಇದರೊಡನೆ ಇದೆ.” ಸರಿಮಾಡಲು ಮತ್ತೆ ಮೊದಲಿನಿಂದ ಎಲ್ಲವನ್ನೂ ತೆಗೆಯಬೇಕಾಯಿತು, ಗೆರೆಯನ್ನೂ ಕ್ಲಿಪ್ಪನ್ನೂ ಚಿತ್ರದ ಒಂದೇ ಪದರದ ಮೇಲೆ ಅಳಿಸಿದ್ದರಿಂದ ಗೆರೆಯೊಂದನ್ನೇ ಮರಳಿ ತರುವಂತಿರಲಿಲ್ಲ.

ಒಂಬತ್ತು ದಿನ ಏನೂ ಬರಲಿಲ್ಲ. ಹತ್ತನೆಯ ದಿನ ಕಲಬುರಗಿಯಿಂದ ಫೋನು. ಅಲ್ಲಿ ಫೋಟೊ ಕೆಲಸ ನೋಡಿಕೊಳ್ಳುವ ಮೇಡಂ.

“ನಿಮ್ಮ ಮೊದಲನೇ ಸೀರಿ ನೋಡಿದ ದಿನಾನೇ ಅರ್ಜಿ ಪಕ್ಕಕ್ಕಿಟ್ಟಿದ್ವಿರಿ,” ಎಂದರು. “ಫೋಟೊದಾಗ ಒಂದು, ಮನಿಗಿ ಬಂದದ್ದು ಒಂದು ಆದ್ರ ಮಂದಿ ತಿರುಗಿ ಕಳಿಸ್ತಾರ. ನಿಮ್ಮಂಥ ಸಾಫ್ ಕೈಯಿಂದನೇ ನಮಗ ಅಂಜಿಕಿ.”

“ಹೌದ್ರಿ.”

“ಎರಡನೇ ಪತ್ರ ಓದಿ ಫೋನ್ ಮಾಡೀನಿ. ಕೆಲಸ ಕೊಟ್ಟೀವಂತ ತಿಳೀಬ್ಯಾಡ್ರಿ. ಮೂರು ತಿಂಗಳು ನೋಡ್ತೀವಿ. ಸೀರಿ ಕೊಡಂಗಿಲ್ಲ, ಪಾತ್ರಿ ಅಷ್ಟ.”

ಪಾತ್ರೆ ಹೊಸಬರ ಕೆಲಸ. ಹಾಗೆಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. “ಬರ್ತೀನ್ರಿ,” ಎಂದೆ.

ದೀಪಾವಳಿ ಮುಗಿದ ಮೂರನೆಯ ದಿನ ಬಂದೆ. ಈಗ ನನಗೆ ಕಲಬುರಗಿಯಲ್ಲಿ ಬಾಡಿಗೆಯ ಒಂದು ಕೋಣೆ, ಕಿಟಕಿಯ ಪಕ್ಕ ಒಂದು ಮೇಜು, ಒಂದು ಕಂಪ್ಯೂಟರ್ ಇವೆ. ವಾರಕ್ಕೊಮ್ಮೆ ಶಹಾಪುರದ ಬಸ್ಸು. ದಿನಕ್ಕೆ ನಲವತ್ತು ಪಾತ್ರೆ. ಮೂರು ತಿಂಗಳಲ್ಲಿ ಉಳಿದದ್ದು ಹತ್ತೊಂಬತ್ತು ದಿನ. ಇದುವರೆಗೆ ಕೊಟ್ಟ ಸೀರೆ, ಒಂದೂ ಇಲ್ಲ.