ಬೇವಿನ ನೆರಳು ಮತ್ತು ಸೋಲಾರ್ ದೀಪ

ತಳಕಿನ ಹತ್ತಿರದ ನಮ್ಮೂರ ಪಂಚಾಯಿತಿಗೆ ಆರಿಸಿ ಬಂದ ಹೊಸದರಲ್ಲಿ, ಬೀದಿಗೆ ಹತ್ತು ಸೋಲಾರ್ ದೀಪ ಹಾಕಿಸೋಣವೆಂದು ನಾನೊಂದು ಭಾಷಣ ಮಾಡಿದೆ. ಬಿ.ಎಸ್ಸಿ. ಓದಿದ್ದೆನೇ ಹೊರತು ಸಭೆಯಲ್ಲಿ ಬಾಯಿ ತೆರೆದವಳಲ್ಲ. ಹಿಂದಿನ ದಿನ ಶೇಂಗಾ ಬಿಡಿಸುತ್ತಿದ್ದ ಅತ್ತೆಯ ಮುಂದೆ ಒಮ್ಮೆ ಒಪ್ಪಿಸಿದೆ.

"ಬರೀ ಆಂಪಿಯರ್ ಅಂದ್ರೆ ಯಾರಿಗೆ ತಿಳಿತೈತೆ? ಕಾಳು ತುಂಬಿಟ್ಕೊಂಡು ಉಣ್ಣೋ ಹಂಗೆ ಹೇಳು," ಎಂದರು.

ಸಭೆಯಲ್ಲಿ ಹಾಗೇ ಹೇಳಿದೆ: ಬ್ಯಾಟರಿಯೇ ಕಣಜ, ಹಗಲು ಬಿಸಿಲು ಅದನ್ನು ತುಂಬುತ್ತದೆ, ರಾತ್ರಿ ದೀಪ ಉಣ್ಣುತ್ತದೆ. ದೀಪಕ್ಕೆ ಚೋಕ್ ಸೇರಿ ಹನ್ನೆರಡು ವಾಟ್. ರಾತ್ರಿ ಹನ್ನೆರಡು ತಾಸು ಉರಿದರೆ, ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಹನ್ನೆರಡು ಆಂಪಿಯರ್-ಅವರ್, ಹನ್ನೆರಡು ಸೇರು ಕಾಳು ಅಂದುಕೊಳ್ಳಿ, ಖರ್ಚು.

"ಮೂರು ದಿನ ಮೋಡ ಮುಚ್ಚಿದ್ರೆ?" ಎಂದು ಕುರಿ ಸಾಕಿದ ಹಿರಿಯ ಸದಸ್ಯರೊಬ್ಬರು ಕೇಳಿದರು.

"ಮೂರು ರಾತ್ರಿಗೆ ಮೂವತ್ತಾರು ಬೇಕ್ರಿ. ಕಾಳನ್ನ ತಳ ಕಾಣೋವರೆಗೂ ಉಣ್ಣಬಾರ್ದು. ಬ್ಯಾಟರೀನೂ ಅರ್ಧಕ್ಕಿಂತ ಇಳಿಸಿದ್ರೆ ಬೇಗ ಹಾಳಾಗ್ತೈತೆ. ಅದಕ್ಕೆ ಎಪ್ಪತ್ತೆರಡು ಹಿಡಿಯೋ ಬ್ಯಾಟರಿ ಬೇಕು. ಅಂಗಡೀಲಿ ಎಪ್ಪತ್ತೈದರದು ಸಿಗ್ತೈತೆ."

ಉಳಿತಾಯವನ್ನೂ ಹೇಳಿದೆ. ಆಗ ಕಂಬಗಳಲ್ಲಿ ನೂರು ವಾಟಿನ ಬುರುಡೆ ಬಲ್ಬುಗಳಿದ್ದವು. ಯೂನಿಟ್ಟಿಗೆ ಮೂರು ರೂಪಾಯಿಯಂತೆ ಒಂದೊಂದಕ್ಕೆ ವರ್ಷಕ್ಕೆ ಸುಮಾರು ಸಾವಿರದ ಮುನ್ನೂರು, ಹತ್ತಕ್ಕೆ ಹದಿಮೂರು ಸಾವಿರ. ಅದರಲ್ಲಿ ಐದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಲು ವರ್ಷಕ್ಕೆ ಎಂಟು ಸಾವಿರ ತೆಗೆದಿಟ್ಟರೆ, ಉಳಿಯುವುದು ಐದು ಸಾವಿರ.

"ಇಷ್ಟೇನಾ?" ಯಾರೋ ನಕ್ಕರು.

"ಇಷ್ಟೇ. ಆದ್ರೆ ಕರೆಂಟ್ ಹೋದಾಗ್ಲೂ ಬೀದಿ ಬೆಳಗ್ತೈತೆ," ಎಂದೆ. ನಗು ನಿಂತಿತು. ದೀಪ ಕೊಳ್ಳಲು ಸರ್ಕಾರದ ಸಹಾಯಧನವೂ ಇದ್ದದ್ದರಿಂದ ಎಲ್ಲರೂ ಒಪ್ಪಿದರು.

ತಕರಾರು ಎದ್ದದ್ದು ಜಾಗದ್ದು. "ಮೊದ್ಲನೇದು ಬೇವಿನ ಕಟ್ಟೆ ಮೇಲೆ ಇರ್ಲಮ್ಮ. ಊರೆಲ್ಲ ಕೂರೋ ಜಾಗ," ಎಂದರು ಅಧ್ಯಕ್ಷರು.

"ಆ ನೆರಳಲ್ಲಿ ಪ್ಯಾನೆಲ್ಲಿಗೆ ಬಿಸಿಲು ಬೀಳಲ್ರಿ. ಬ್ಯಾಟರಿ ತುಂಬೋದೇ ಇಲ್ಲ."

"ಹಂಗಾದ್ರೆ ಕೊಂಬೆ ಕಡಿಸೋಣ."

ಕುರಿ ಸಾಕಿದ ಹಿರಿಯರು ಎದ್ದೇ ಬಿಟ್ಟರು. "ಮರಕ್ಕೆ ಕೊಡ್ಲಿ ಹಾಕಿದ್ರೆ ನಂಗೆ ಈ ದೀಪಾನೇ ಬ್ಯಾಡ!"

ಗೆದ್ದ ಮಾತು ಕೈಜಾರಿತೆಂದು ನನಗೆ ಹೆದರಿಕೆಯಾಯಿತು. "ಎಲ್ರೂ ಒಂದ್ಸಲ ಬಂದು ನೋಡ್ರಿ," ಎಂದು ಹೊರಟೆ. ನಡುಮಧ್ಯಾಹ್ನದ ಬಿಸಿಲಲ್ಲಿ ಸಭೆಯೇ ಬೀದಿಗೆ ಬಂತು. ಬೇವಿನ ದಕ್ಷಿಣಕ್ಕೆ, ಬೀದಿಯಾಚೆ ಕುಡಿಯುವ ನೀರಿನ ನಲ್ಲಿ. ಅಲ್ಲಿ ನೆರಳಿರಲಿಲ್ಲ. ಅಲ್ಲಿ ಕಂಬ ನೆಟ್ಟು, ಪ್ಯಾನೆಲ್ಲನ್ನು ದಕ್ಷಿಣಕ್ಕೆ ತಿರುಗಿಸಿದರೆ ದಿನವಿಡೀ ಬಿಸಿಲು ಬೀಳುತ್ತದೆ, ರಾತ್ರಿ ಬೆಳಕು ನಲ್ಲಿಗೂ ಸಿಗುತ್ತದೆ, ಕಟ್ಟೆಗೂ ತಲುಪುತ್ತದೆ ಎಂದು ತೋರಿಸಿದೆ. ಅಧ್ಯಕ್ಷರು ಟವೆಲ್ಲನ್ನು ತಲೆಗೆ ಹಾಕಿಕೊಂಡು ಆಚೀಚೆ ನೋಡಿದರು.

"ಇಲ್ಲೇ ಗುಂಡಿ ತೆಗೆಸಿ ಅತ್ಲಾಗೆ," ಎಂದರು.

ಆ ಮಳೆಗಾಲದಲ್ಲಿ ಮೂರು ದಿನ ಜಡಿಮಳೆ ಹಿಡಿಯಿತು, ಕರೆಂಟೂ ಹೋಯಿತು. ಮೂರನೆಯ ಸಂಜೆ ಮಳೆ ಕೊಂಚ ಬಿಟ್ಟಾಗ, ಟ್ಯಾಂಕಿನಲ್ಲಿ ಉಳಿದ ನೀರಿಗೆಂದು ಕೊಡ ಹಿಡಿದು ನಲ್ಲಿಗೆ ಹೋದೆ. ಕತ್ತಲ ಊರಲ್ಲಿ ನಲ್ಲಿಯ ದೀಪ ಉರಿಯುತ್ತಲೇ ಇತ್ತು, ಅದರ ಕೆಳಗೆ ಹೆಂಗಸರು ನೀರು ತುಂಬಿದ ಮೇಲೂ ಮಾತಾಡುತ್ತ ನಿಂತಿದ್ದರು. ನಾನೂ ಕೊಡ ಇಳಿಸಿ ನಿಂತೆ.