ಅಣ್ಣ ಬಗ್ಗಿಸಿದ ಎರಡು ತಾಮ್ರದ ನಳಿಗೆ

ಅಣ್ಣ ತೀರಿಕೊಂಡು ಒಂದೂವರೆ ತಿಂಗಳಿಗೆ ಆಯುಧ ಪೂಜೆ ಬಂತು. ಅಣ್ಣಿಗೇರಿಯ ಹೊರಗಿರುವ ಹತ್ತಿಕಾಳಿನ ಎಣ್ಣೆ ಮಿಲ್ಲಿನಲ್ಲಿ ನಾನು ಕುಕ್ಕರ್ ನೋಡಿಕೊಳ್ಳುತ್ತೇನೆ. ಕುಕ್ಕರ್ ಎಂದರೆ ಆಳೆತ್ತರಕ್ಕೂ ಮೀರಿದ ಕಬ್ಬಿಣದ ಪಾತ್ರೆ. ಅದರ ಸುತ್ತ ಇನ್ನೊಂದು ಕವಚ, ನಡುವೆ ಉಗಿ. ಪುಡಿ ಮಾಡಿದ ಕಾಳು ಒಳಗೆ ಬೆಂದು, ಆಮೇಲೆ ಗಾಣಕ್ಕೆ ಹೋಗುತ್ತದೆ. ಅದೇ ಮಿಲ್ಲಿನ ಮೀಟರು, ವಾಲ್ವುಗಳ ಕೆಲಸ ಅಣ್ಣನದಾಗಿತ್ತು.

ಪೂಜೆಗೆ ಎಲ್ಲರೂ ತಮ್ಮ ತಮ್ಮ ಯಂತ್ರ ತೊಳೆದು, ಬಣ್ಣ ಹಚ್ಚಿ, ಬೂದುಗುಂಬಳ ಒಡೆಯುವುದು ನಮ್ಮಲ್ಲಿ ರೂಢಿ. ಮೀಟರುಗಳನ್ನು ಕೂರಿಸಿದ ಅಣ್ಣನ ಪ್ಯಾನೆಲ್ಲಿಗೆ ಈ ಸಲ ದಿಕ್ಕಿರಲಿಲ್ಲ. ನಾನೇ ಒರೆಸುತ್ತೇನೆ ಎಂದೆ. ಗಾಳಿಯಿಂದ ನಡೆಯುವ ಹಳೆಯ ಕಂಟ್ರೋಲರುಗಳು ಒಂದೇ ಸಾಲಿನಲ್ಲಿ ಕೂತಿದ್ದವು. ಉಳಿದವುಗಳ ಬೆನ್ನಿಗೆ ಗೇಣುದ್ದದ ತಾಮ್ರದ ನಳಿಗೆ, ಒಂದು ತೂತಿನಿಂದ ಹೊರಟು ಪಕ್ಕದ ತೂತಿಗೆ ಸೇರಿತ್ತು. ಕುಕ್ಕರಿನ ಎರಡಕ್ಕೆ ಮಾತ್ರ ಹಾಗಿರಲಿಲ್ಲ. ಉದ್ದನೆಯ ಎರಡು ನಳಿಗೆ ಗೋಡೆಗುಂಟ ಸುತ್ತಿ, ವಾಲ್ವಿನ ಕಡೆಗೆ ಹೋಗುವ ಗಾಳಿಯ ಲೈನಿಗೆ ಕೂಡಿದ್ದವು. ಯಾವುದೋ ಕಾಲದ ರಿಪೇರಿಯಲ್ಲಿ ಉಳಿದದ್ದು ಎಂದುಕೊಂಡೆ. ಅವನ ಪ್ಯಾನೆಲ್ಲು ಅಂದವಾಗಿ ಕಾಣಲಿ ಎಂದು ಎರಡನ್ನೂ ಬಿಚ್ಚಿ, ಲೈನಿನ ತೂತು ಮುಚ್ಚಿ, ಬೇರೆಯವುಗಳ ಹಾಗೆಯೇ ಗೇಣುದ್ದದ ನಳಿಗೆ ಹಾಕಿದೆ. ಕುಂಕುಮ ಹಚ್ಚಿ ಕೈಮುಗಿದೆ. ಬಿಚ್ಚಿದ್ದನ್ನು ಅವನ ಸಾಮಾನಿನ ಚೀಲದಲ್ಲಿಟ್ಟು ಅತ್ತಿಗೆಗೆ ಕೊಟ್ಟು ಬಂದೆ.

ಆ ಎರಡು ಕಂಟ್ರೋಲರುಗಳ ಕೆಲಸ ಇಷ್ಟು. ಒಂದು ಕಾಳಿನ ಕಾವು ನೋಡುತ್ತದೆ. ನೂರೈದು ಡಿಗ್ರಿಗೆ ಕಡಿಮೆಯಿದ್ದರೆ ಉಗಿಯ ವಾಲ್ವು ತೆರೆ ಎನ್ನುತ್ತದೆ. ಇನ್ನೊಂದು, ಕವಚದೊಳಗಿನ ಉಗಿಯ ಒತ್ತಡ ನೋಡುತ್ತದೆ. ಬಾಯ್ಲರಿನಿಂದ ಬರುವ ಉಗಿಯ ಒತ್ತಡ ಏಳು ಕೆಜಿ. ನಮ್ಮ ಕವಚ ಹಳೆಯದು, ಅಲ್ಲಲ್ಲಿ ಬೆಸುಗೆ ಹಾಕಿದ್ದು, ನಾಲ್ಕೂವರೆ ದಾಟಬಾರದು. ಇಬ್ಬರ ಮಾತೂ ಸೆಲೆಕ್ಟರ್ ಎಂಬ ಸಣ್ಣ ಡಬ್ಬಿಗೆ ಹೋಗುತ್ತದೆ. ಯಾರದು ಕಡಿಮೆಯೋ ಅದನ್ನು ಮಾತ್ರ ಅದು ವಾಲ್ವಿಗೆ ಬಿಡುತ್ತದೆ. ದಿನವೆಲ್ಲ ಕಾವಿನ ಮಾತೇ ನಡೆಯುತ್ತದೆ. ಬೆಳಿಗ್ಗೆ ತಣ್ಣನೆಯ ಕಾಳು ಬಿದ್ದು ಕಾವಿನವನು ಪೂರ್ತಿ ತೆರೆ ಎಂದಾಗ, ಒತ್ತಡ ಮೇಲೇರಿದರೆ ಒತ್ತಡದವನು ಸಾಕು ಎನ್ನುತ್ತಾನೆ. ಆಗ ಅವನ ಮಾತು ನಡೆಯುತ್ತದೆ. ಕೆಲಸ ನಿಲ್ಲುವುದಿಲ್ಲ, ಕವಚವೂ ಉಳಿಯುತ್ತದೆ.

ಅಣ್ಣ ನನಗೆ ಇದನ್ನು ಹೇಳಿಕೊಟ್ಟದ್ದು ಊಟದ ಡಬ್ಬಿ ಬಿಚ್ಚಿ ಕೂತಾಗ. "ನೀ ನಾಕ ರೊಟ್ಟಿ ಅಂತಿದ್ದಿ, ಅವ್ವ ಎರಡ ಸಾಕ ಅಂತಿದ್ಲು. ತಾಟಿನ್ಯಾಗ ಎಷ್ಟ ಬೀಳತಿದ್ದುವು?" ಎಂದು ಕೇಳಿದ್ದ. ಎರಡು ಎಂದೆ. "ಹಾಂ, ಅಷ್ಟಽ ಇದು." ಅದರ ಮುಂದೆಯೂ ಏನೋ ಹೇಳಿದ. ನಾನು ರೊಟ್ಟಿ ತಿನ್ನುತ್ತಿದ್ದೆ, ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಹಬ್ಬದ ನಂತರ ಹೊಸ ಹತ್ತಿಕಾಳು ಬಂದು ಮಿಲ್ಲು ಶುರುವಾಯಿತು. ಮೊದಲ ದಿನವೇ ಕವಚದ ಒತ್ತಡದ ಮುಳ್ಳು ನಾಲ್ಕೂವರೆ ದಾಟಿ ಐದಕ್ಕೆ ಹೋಗಿ ಸೇಫ್ಟಿ ವಾಲ್ವು ತೆರೆದುಕೊಂಡಿತು. ಶೆಡ್ಡೆಲ್ಲ ಉಗಿ. ಒತ್ತಡದವನು ಎಚ್ಚರಾಗಿ ಉಗಿಯ ವಾಲ್ವು ಇಳಿಸಿದ್ದು ಅದಾದ ಮೇಲೆ. ಕಾಳು ಕಾದ ನಂತರ ಕಾವಿನವನು ವಾಲ್ವು ಇಳಿಸಬೇಕಿತ್ತು, ಇಳಿಸಲಿಲ್ಲ. ನೂರೈದು ದಾಟಿತು, ನೂರಹದಿನೈದೂ ದಾಟಿತು. ಕಾಳು ಸೀದು ಎಣ್ಣೆ ಕಪ್ಪಾಯಿತು. ಮರುದಿನವೂ ಅದೇ. ಅದರ ಮರುದಿನವೂ. ಹೀಗೆಯೇ ಮೂರು ವಾರ.

ನಾನು ಕಂಟ್ರೋಲರ್ ಒರೆಸಿದೆ, ಗಾಳಿಯ ಫಿಲ್ಟರ್ ಬದಲಿಸಿದೆ, ಮೀಟರು ಬಿಚ್ಚಿ ನೋಡಿದೆ. ಒಂದೊಂದನ್ನೇ ನೋಡಿದರೆ ಎಲ್ಲ ಸರಿ. ಕೂಡಿಸಿದರೆ ತಪ್ಪು. ನಳಿಗೆಯ ವಿಚಾರ ತಲೆಗೆ ಬರಲೇ ಇಲ್ಲ. ನಾನು ಮಾಡಿದ್ದು ಪೂಜೆ, ರಿಪೇರಿಯಲ್ಲವಲ್ಲ.

ಸುಪರ್‌ವೈಸರ್ ಬಾಯಿ ಜೋರಿನವರು. ಕಪ್ಪು ಎಣ್ಣೆಯ ಬಾಟಲಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ನಿಮ್ಮಣ್ಣ ಇಷ್ಟ ದಿನಾ ವಾಲ್ವು ಕೈಲೆ ತಿರುವಿಕೋತ ಇದನ್ನ ನಡಿಸ್ಯಾನ ನೋಡು. ಅಂವಾ ಹೋದ, ಬಣ್ಣ ಬಯಲಾತು."

"ಹಂಗಲ್ರಿ. ಹೋದ ವರ್ಸ ಅಗದಿ ಛಲೋ ನಡದಿತ್ತಲ್ರಿ," ಎಂದೆ.

"ಹಂಗಾರ ಈ ವರ್ಸ ಅದಕ್ಕೇನ ಬ್ಯಾನಿ ಬಂತು, ಹೇಳಪಾ?"

ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬರುತ್ತಾನೆ, ಸೆಲೆಕ್ಟರ್ ಕಿತ್ತು ಕಾವಿನ ಲೈನನ್ನು ನೇರವಾಗಿ ವಾಲ್ವಿಗೆ ಕೊಡುತ್ತಾನೆ, ಒತ್ತಡ ಹೆಚ್ಚಾದರೆ ಸೇಫ್ಟಿ ವಾಲ್ವು ಇದ್ದೇ ಇದೆ ಎಂದು ಅವರು ತೀರ್ಮಾನಿಸಿದರು. ಸೇಫ್ಟಿ ವಾಲ್ವು ಕೊನೆಯ ಬಾಗಿಲು, ದಿನಾ ಅದರಲ್ಲಿ ಓಡಾಡಬಾರದು ಎಂದು ಅಣ್ಣ ಹೇಳುತ್ತಿದ್ದ. ಅದನ್ನೇ ನಾನು ಹೇಳಿದರೆ ಸತ್ತವನ ಪರ ವಕಾಲತ್ತು ಎನ್ನುತ್ತಿದ್ದರು. ಆ ಕವಚಕ್ಕೆ ಬೆನ್ನು ಕೊಟ್ಟು ದಿನಾ ನಿಲ್ಲುವವನು ನಾನು. ಅದಕ್ಕಿಂತ ಹೆಚ್ಚಾಗಿ, ಆ ಡಬ್ಬಿ ಹೋದರೆ ಮಿಲ್ಲಿನಲ್ಲಿ ಅಣ್ಣನದು ಎಂದು ಉಳಿಯುವುದು ಆ ಕೆಟ್ಟ ಮಾತೊಂದೇ.

ಆ ರವಿವಾರ ಅಣ್ಣನ ಮನೆಗೆ ಹೋದೆ. ಸಣ್ಣ ಸ್ಪ್ಯಾನರ್ ಬೇಕಿತ್ತು. ಅತ್ತಿಗೆ ಚೀಲ ತಂದು ಮುಂದಿಟ್ಟಳು. ಉದ್ದನೆಯ ನಳಿಗೆಗಳನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದಳು.

"ಇವನ್ಯಾಕ ಬಿಚ್ಚಿ ತಂದಿ? ಇಲ್ಲೇ ಕಟ್ಟಿ ಮ್ಯಾಲೆ ಕುಂತು ಬಗ್ಗಿಸಿದ್ರು. ಮುರೀಬಾರದು ಅಂತ ಒಳಗ ಉಸುಕ ತುಂಬಿ. ಇವನ್ನ ಹಾಕಿದ ದಿನಾ ಕಾಳು ಸೀಯೂದು ನಿಂತತಿ ಅಂತ ಹೊಟ್ಟಿ ತುಂಬ ಉಂಡಿದ್ರು."

ರೊಟ್ಟಿ ತಿನ್ನುವಾಗ ಅಣ್ಣ ಹೇಳಿದ್ದ, ನಾನು ಲಕ್ಷ್ಯ ಕೊಡದೆ ಬಿಟ್ಟ ಮಾತು ಆಗ ನೆನಪಾಯಿತು. "ಯಾರ ಮಾತು ನಡಿಯೂದಿಲ್ಲ, ಅವಗ ತಾಟಿನ್ಯಾಗ ಎಷ್ಟ ಬಿತ್ತು ಅನ್ನೂದು ತೋರಸ್ತಿರಬೇಕಪಾ. ಇಲ್ಲಾಂದ್ರ ಹತ್ತ ಬೇಕು, ಇಪ್ಪತ್ತ ಬೇಕು ಅಂತ ಏರಿಸಿಕೋತ ಕುಂದರತಾನ. ಆಮ್ಯಾಲೆ ಇಳಿಯಾಕ ಹೊತ್ತ ಹಿಡೀತತಿ." ತೋರಿಸುವುದು ಈ ನಳಿಗೆಗಳು. ವಾಲ್ವಿಗೆ ನಿಜವಾಗಿ ಹೋದ ಗಾಳಿಯನ್ನು ಇವು ಇಬ್ಬರಿಗೂ ಮರಳಿ ಒಯ್ಯುತ್ತಿದ್ದವು. ನಾನು ಗೇಣುದ್ದದವನ್ನು ಹಾಕಿ, ಇಬ್ಬರಿಗೂ ತಮ್ಮ ಮಾತೇ ತಮಗೆ ಕೇಳುವಂತೆ ಮಾಡಿದ್ದೆ. ಒತ್ತಡ ಕಡಿಮೆಯಿದ್ದಷ್ಟು ಹೊತ್ತು ಒತ್ತಡದವನೂ ತೆರೆ, ತೆರೆ ಎಂದು ತುಂಬ ಮೇಲೆ ಕೂತಿದ್ದರಿಂದ ತಡವಾಗಿ ಇಳಿದ. ಕಾವಿನವನೂ ಹಾಗೆಯೇ.

ಮೂರು ವಾರ ಅಣ್ಣನನ್ನು ಬೈದರು. ಬೈಸಿದವನು ನಾನು.

ಸೋಮವಾರ ಬಾಯ್ಲರಿನಲ್ಲಿ ಉಗಿ ಏರುವಷ್ಟರಲ್ಲಿ ನಳಿಗೆಗಳನ್ನು ಮೊದಲಿದ್ದಲ್ಲೇ ಕೂಡಿಸಿದೆ. ಕೂಡಿಸುವ ಮೊದಲು ಒಳಗೆ ಉಸುಕಿನ ಹರಳು ಉಳಿದಿದೆಯೇ ಎಂದು ಊದಿ ನೋಡಿದ್ದೆ. ಸೋಪಿನ ನೀರು ಹಚ್ಚಿ ಗಾಳಿ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ತಣ್ಣನೆಯ ಕಾಳು ಬಿತ್ತು. ಮುಳ್ಳು ಏರಿತು. ನಾಲ್ಕೂವರೆಯ ಹತ್ತಿರ ಬಂದು ಒಂದು ಕೂದಲೆಳೆ ಆಚೆ ಹೋಗಿ, ಹಿಂದೆ ಸರಿದು ನಿಂತಿತು. ಸೇಫ್ಟಿ ವಾಲ್ವು ಮಿಸುಕಲಿಲ್ಲ. ಕಾವು ನೂರೈದಕ್ಕೆ ಬರುತ್ತಿದ್ದ ಹಾಗೆ ವಾಲ್ವಿನ ಸರಳು ತಾನೇ ಇಳಿಯತೊಡಗಿತು.

ಹತ್ತು ಗಂಟೆಗೆ ಹುಬ್ಬಳ್ಳಿಯ ಮೆಕ್ಯಾನಿಕ್ ಬಂದ. ಪ್ಯಾನೆಲ್ಲಿನ ಹಿಂದೆ ಬಗ್ಗಿ ನಳಿಗೆಗಳನ್ನು ನೋಡಿ, ಇದನ್ನು ಮಾಡಿದವರು ತಿಳಿದವರು, ಇದರಲ್ಲಿ ಕೀಳುವಂಥದ್ದೇನಿಲ್ಲ ಎಂದು ನನಗೊಬ್ಬನಿಗೆ ಹೇಳಿದ. ಆಮೇಲೆ ಒಂದೆರಡು ನಟ್ಟು ಬಿಗಿ ಮಾಡಿ, ಚಹಾ ಕುಡಿದು ಹೋದ.

ಸುಪರ್‌ವೈಸರಿಗೆ ನಾನೇ ಹೋಗಿ ಹೇಳಿದೆ: ತಪ್ಪು ನನ್ನದು, ಪೂಜೆಯ ದಿನ ನಾನೇ ಬಿಚ್ಚಿದ್ದೆ, ಅಣ್ಣ ಮಾಡಿದ್ದು ಸರಿಯಿತ್ತು. ಅವರು ಹೊಸ ಎಣ್ಣೆಯ ಬಾಟಲಿಯನ್ನು ಬೆಳಕಿಗೆ ಹಿಡಿದಿದ್ದರು.

"ಆತ ಬಿಡಪಾ. ಆ ಹುಬ್ಬಳ್ಳಿಯಂವಾ ಹುಷಾರ ಅದಾನ, ತಾಸಿನ್ಯಾಗ ಸರಿ ಮಾಡಿದ."

ಮತ್ತೊಮ್ಮೆ ಹೇಳಿದೆ. ಅವರು ಗಾಣದ ಕಡೆ ಹೋಗಿಬಿಟ್ಟರು. ಬೈದ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಅವರಿಗೆ ಅದು ನೆನಪೂ ಇರಲಿಲ್ಲ.

ಸಂಜೆ ಸ್ಪ್ಯಾನರ್ ಮರಳಿ ಕೊಡಲು ಹೋದೆ. ಅಣ್ಣನ ಬಗ್ಗೆ ಮಿಲ್ಲಿನಲ್ಲಿ ಏನಾದರೂ ಅಂದರೇ ಎಂದು ಅತ್ತಿಗೆ ಕೇಳಿದಳು. ಮೆಕ್ಯಾನಿಕ್ ಅಂದದ್ದನ್ನು ಹೇಳಿದೆ. ಯಾರ ಮುಂದೆ ಅಂದ ಎಂದು ಕೇಳಿದಳು.

"ನನ್ನೊಬ್ಬನ ಮುಂದ ರೀ," ಎಂದೆ.

ಅವಳು ಸ್ಪ್ಯಾನರನ್ನು ಚೀಲದಲ್ಲಿಟ್ಟು, ಅದರ ಬಾಯಿ ಕಟ್ಟಿ, ಒಳಗೆ ಒಯ್ದಳು.